ಹೋಟೆಲ್ ಕೂಗು: ಚಿತ್ರದುರ್ಗ ಸೀಮೆಯಲ್ಲಿ ಸಪ್ಲೈಯರ್ ಮತ್ತು ಭಟ್ಟರ ನಡುವಿನ ಆರ್ಡರ್ ಮಾತು

ಗಿರಾಕಿ ಕೇಳಿದ್ದನ್ನು ಸಪ್ಲೈಯರ್ ಅಡುಗೆಮನೆಗೆ ಮುಟ್ಟಿಸಲು ಬಳಸುವ ಮೊಟಕು ಮಾತನ್ನು ಈ ಲೇಖನದಲ್ಲಿ ‘ಕೂಗು’ ಎಂದು ಕರೆದಿದೆ. ‘ಮೂರನೇ ಟೇಬಲ್‌ನಲ್ಲಿ ಕೂತವರಿಗೆ ಎರಡು ಮಸಾಲೆ ದೋಸೆ ಬೇಕಂತೆ, ಒಂದಕ್ಕೆ ಈರುಳ್ಳಿ ಹಾಕಬೇಡಿ’ ಎನ್ನುವಷ್ಟು ಹೊತ್ತು ಬೆಳಗಿನ ಎಂಟೂವರೆ ಗಂಟೆಯಲ್ಲಿ ಯಾರಿಗೂ ಇರುವುದಿಲ್ಲ. ಆ ಮಾತು ‘ಎರಡು ಮಸಾಲೆ, ಒಂದು ನೋ ಆನಿಯನ್, ಮೂರು’ ಎಂದಾಗುತ್ತದೆ. ಒಂದೇ ಊರಿನ, ಒಂದೇ ಮಾತಿನ ಜನ ಕೆಲಸ ಮಾಡುವ ಕಡೆ ಇಂಥ ಮೊಟಕು ತಾನಾಗಿ ಹುಟ್ಟಿ ತಾನಾಗಿ ಸರಿಹೋಗುತ್ತದೆ. ನಾಲ್ಕೈದು ಭಾಷೆಯವರು ಒಂದೇ ಒಲೆಯ ಸುತ್ತ ನಿಂತಾಗ ಮಾತ್ರ ಒಂದೇ ಪದ ಬೇರೆ ಬೇರೆ ಕಿವಿಗೆ ಬೇರೆ ಬೇರೆ ತಿಂಡಿಯಾಗಿ ಕೇಳಿಸುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹೋಟೆಲುಗಳಲ್ಲಿ ಈ ತೊಡಕು ಹೇಗೆ ಹುಟ್ಟುತ್ತದೆ, ಅದನ್ನು ಬಿಡಿಸುವ ಕ್ರಮವೇನು ಎಂಬುದು ಇಲ್ಲಿನ ವಿಷಯ.

ನೆಲೆ ಮತ್ತು ಭಾಷೆಗಳು

ಬೆಂಗಳೂರು–ಪುಣೆ ರಾಷ್ಟ್ರೀಯ ಹೆದ್ದಾರಿ 48 ಹಿರಿಯೂರು ಮತ್ತು ಚಿತ್ರದುರ್ಗವನ್ನು ಹಾದು ಹೋಗುತ್ತದೆ. ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಸುಮಾರು 200 ಕಿಲೋಮೀಟರ್. ಬೆಳಗಿನ ಜಾವ ರಾಜಧಾನಿ ಬಿಟ್ಟವರು ತಿಂಡಿಗೆ ನಿಲ್ಲುವ ದೂರ ಇದು. ಬಳ್ಳಾರಿ, ಚಳ್ಳಕೆರೆ ಕಡೆಯ ರಸ್ತೆ ಹಿರಿಯೂರಿನಲ್ಲಿ ಹೆದ್ದಾರಿಯನ್ನು ಸೇರುತ್ತದೆ. ಹೀಗಾಗಿ ಅಲ್ಲಿನ ಹೋಟೆಲಿಗೆ ಬರುವ ಗಿರಾಕಿಯ ಭಾಷೆಯೂ ಮೊದಲೇ ಗೊತ್ತಿರುವುದಿಲ್ಲ. ಹೊಳಲ್ಕೆರೆ ಚಿತ್ರದುರ್ಗದಿಂದ ಶಿವಮೊಗ್ಗಕ್ಕೆ ಹೋಗುವ ದಾರಿಯಲ್ಲಿದೆ. ಹೊಸದುರ್ಗ ಹೆದ್ದಾರಿಯಿಂದ ಒಳಗಿರುವ ಊರು. ಅಲ್ಲಿಗೆ ಬರುವವರಲ್ಲಿ ಸುತ್ತಲ ಹಳ್ಳಿಯವರು, ಕಚೇರಿಗೆ, ಸಂತೆಗೆ ಬಂದವರೇ ಹೆಚ್ಚು.

ಈ ಊರುಗಳ ಹೋಟೆಲಿನೊಳಗೆ ಮೊದಲಿನಿಂದಲೂ ಒಂದಕ್ಕಿಂತ ಹೆಚ್ಚು ಭಾಷೆಗಳಿದ್ದವು. ಕರಾವಳಿಯಿಂದ ಬಂದು ಹೋಟೆಲ್ ಇಟ್ಟವರು ತಮ್ಮೊಳಗೆ ತುಳು ಅಥವಾ ಕುಂದಾಪುರದ ಕನ್ನಡ ಆಡುತ್ತಿದ್ದರು. ಹಿರಿಯೂರಿನ ಪೂರ್ವಕ್ಕೆ ಆಂಧ್ರದ ಗಡಿ ಇರುವುದರಿಂದ ತೆಲುಗು ಮನೆಮಾತಿನ ಹುಡುಗರು ಕೆಲಸಕ್ಕೆ ಬರುತ್ತಾರೆ. ಹೊಳಲ್ಕೆರೆ, ಹೊಸದುರ್ಗದ ಕಡೆಯ ತಾಂಡಾಗಳಿಂದ ಬಂದವರ ಮನೆಮಾತು ಲಂಬಾಣಿ. ಬಿರಿಯಾನಿ ಒಲೆಯ ಮುಂದೆ ದಖನಿ ಉರ್ದು ಕೇಳುತ್ತದೆ. ಈಚಿನ ವರ್ಷಗಳಲ್ಲಿ ನೇಪಾಳ, ಒಡಿಶಾ, ಬಂಗಾಳ, ಅಸ್ಸಾಂ, ಬಿಹಾರದ ಕೆಲಸಗಾರರು, ಅದರಲ್ಲೂ ಹೆದ್ದಾರಿಯ ದೊಡ್ಡ ಹೋಟೆಲು ಮತ್ತು ಢಾಬಾಗಳಿಗೆ, ಸೇರಿಕೊಂಡಿದ್ದಾರೆ. ಮೊದಲ ಪೀಳಿಗೆಯವರಿಗೆಲ್ಲ ಕನ್ನಡ ಬರುತ್ತಿತ್ತು. ಈಗ ಬರುವವರು ಕನ್ನಡ ಕಲಿಯುವ ಮೊದಲೇ ಒಲೆಯ ಮುಂದೆ ನಿಲ್ಲಬೇಕಾಗಿದೆ. ಕೂಗಿನ ತೊಡಕು ಹೆಚ್ಚಿದ್ದು ಇದರಿಂದ.

ಮಾತು ಮೊಟಕಾಗುವ ಬಗೆ

ಕೂಗಿನಲ್ಲಿ ಪದ ಕತ್ತರಿಸುವುದಕ್ಕೆ ಒಂದು ಕ್ರಮವಿದೆ. ಎಲ್ಲ ತಿಂಡಿಗೂ ಸಮಾನವಾದ ಭಾಗವನ್ನು ಬಿಟ್ಟು, ಒಂದನ್ನು ಇನ್ನೊಂದರಿಂದ ಬೇರೆ ಮಾಡುವ ಭಾಗವನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ದೋಸೆ ಭಟ್ಟರ ಮುಂದೆ ‘ದೋಸೆ’ ಎಂದು ಹೇಳಿ ಉಪಯೋಗವಿಲ್ಲ, ಅವರು ಹುಯ್ಯುವುದೆಲ್ಲ ದೋಸೆಯೇ. ಅದಕ್ಕೇ ಮಸಾಲೆ, ಸೆಟ್, ಬೆಣ್ಣೆ, ಖಾಲಿ, ಪೇಪರ್ ಎಂದಷ್ಟೇ ಕೂಗು. ಖಾರಾಬಾತು ‘ಖಾರಾ’ ಆಗುತ್ತದೆ, ಕೇಸರಿಬಾತು ‘ಕೇಸರಿ’ ಆಗುತ್ತದೆ, ಎರಡೂ ಒಂದೇ ತಟ್ಟೆಗೆ ಬಂದರೆ ‘ಚೌಚೌ’. ಇಡ್ಲಿಯನ್ನು ಸಾಂಬಾರಿನಲ್ಲಿ ಮುಳುಗಿಸಿ ಕೊಡುವುದಕ್ಕೆ ‘ಡಿಪ್’, ಬಟ್ಟಲಲ್ಲಿ ಬೇರೆಯಾಗಿ ಕೊಡುವುದಕ್ಕೆ ‘ಸೆಪರೇಟ್’. ದಾವಣಗೆರೆ 1997ರವರೆಗೆ ಚಿತ್ರದುರ್ಗ ಜಿಲ್ಲೆಯ ಭಾಗವೇ ಆಗಿತ್ತು. ಬೆಣ್ಣೆ ದೋಸೆಯ ಊರಿನ ‘ಬೆಣ್ಣೆ ಓಪನ್’, ‘ಬೆಣ್ಣೆ ಖಾಲಿ’ ಮುಂತಾದ ಮಾತುಗಳು ಈ ಕಡೆಯ ಹೋಟೆಲಿಗೂ ಹೊಸವಲ್ಲ.

ಈ ಕತ್ತರಿಕೆ ನಿಂತಿರುವುದು ಕೇಳುವವನಿಗೆ ಬಿಟ್ಟ ಭಾಗ ಗೊತ್ತಿದೆ ಎಂಬ ನಂಬಿಕೆಯ ಮೇಲೆ. ಆ ನಂಬಿಕೆ ಎರಡು ಕಡೆ ಮುರಿಯುತ್ತದೆ. ಒಂದು, ಮೆನು ಬೆಳೆದಾಗ. ಬೆಳಗ್ಗೆ ‘ಮಸಾಲೆ’ ಎಂದರೆ ದೋಸೆ ಒಂದೇ. ಸಂಜೆ ಮಸಾಲೆ ವಡೆ, ಮಸಾಲೆ ಪುರಿ, ಮಸಾಲಾ ಟೀ ಶುರುವಾದರೆ ಅದೇ ಕೂಗಿಗೆ ನಾಲ್ಕು ಕಡೆಯವರು ತಿರುಗಿ ನೋಡುತ್ತಾರೆ. ಹೊಸ ತಿಂಡಿ ಬೋರ್ಡಿಗೆ ಏರುವ ದಿನವೇ ಅದರ ಕೂಗಿನ ಹೆಸರನ್ನೂ ಗೊತ್ತು ಮಾಡಬೇಕು, ಆ ಹೆಸರಿನ ಮೊದಲ ಪದ ಹಳೆಯ ಯಾವ ಕೂಗನ್ನೂ ಹೋಲಬಾರದು. ಬೆಲೆ ಬರೆಯುವಷ್ಟೇ ಮುಖ್ಯವಾದ ಕೆಲಸ ಇದು. ಹೆಚ್ಚಿನ ಕಡೆ ಇದನ್ನು ಯಾರೂ ಮಾಡುವುದಿಲ್ಲ.

ಇನ್ನೊಂದು, ಕೇಳುವವನ ಭಾಷೆಯಲ್ಲಿ ಅದೇ ಪದಕ್ಕೆ ಬೇರೆ ಅರ್ಥವಿದ್ದಾಗ. ಮಧ್ಯ ಕರ್ನಾಟಕದಲ್ಲಿ ‘ಮಿರ್ಚಿ’ ಎಂದರೆ ಮಂಡಕ್ಕಿಯ ಜೊತೆಗೆ ಬರುವ ಮೆಣಸಿನಕಾಯಿ ಬಜ್ಜಿ. ಹಿಂದಿ ಬಲ್ಲ ಹೊಸ ಸಹಾಯಕನಿಗೆ ಅದು ಬರೀ ಮೆಣಸಿನಕಾಯಿ. ‘ಎರಡು ಮಿರ್ಚಿ’ ಎಂದು ಕೇಳಿಸಿಕೊಂಡು ಅವನು ಎರಡು ಹಸಿಮೆಣಸಿನಕಾಯಿ ತಂದಿಟ್ಟರೆ ಅವನ ತಪ್ಪೇನೂ ಇಲ್ಲ. ಬಂಗಾಳಿ, ಒಡಿಯಾ, ಅಸ್ಸಾಮಿ, ನೇಪಾಳಿಗಳಲ್ಲಿ ಅನ್ನಕ್ಕೆ ‘ಭಾತ್’ ಅಥವಾ ಅದರ ಹತ್ತಿರದ ಪದವಿದೆ. ‘ಖಾರಾಬಾತ್’ ಎಂದಾಗ ಅವರ ಕೈ ಅನ್ನದ ಪಾತ್ರೆಯ ಕಡೆ ಹೋಗುತ್ತದೆ, ರವೆಯ ಉಪ್ಪಿಟ್ಟಿನ ಕಡೆ ಅಲ್ಲ. ಪಕ್ಕದಲ್ಲೇ ನಿಜವಾಗಿ ಅನ್ನದ್ದೇ ಆದ ರೈಸ್‌ಬಾತ್ ಇರುವುದರಿಂದ ಗೊಂದಲ ಬೇಗ ಬಗೆಹರಿಯುವುದೂ ಇಲ್ಲ. ಜೋಳದ ‘ರೊಟ್ಟಿ’ಗೂ ತಂದೂರಿ ‘ರೋಟಿ’ಗೂ ಇರುವ ವ್ಯತ್ಯಾಸ ಒಂದು ದೀರ್ಘ ಸ್ವರ, ಒಂದು ಒತ್ತು. ಎಕ್ಸಾಸ್ಟ್ ಫ್ಯಾನಿನ ಸದ್ದಿನಲ್ಲಿ ಅದು ಉಳಿಯುವುದಿಲ್ಲ. ಇಂಥಲ್ಲಿ ಬೇರೆ ಮಾಡುವ ಭಾಗವನ್ನೇ ಮುಂದೆ ತರಬೇಕು: ಒಂದಕ್ಕೆ ‘ಜೋಳ’, ಇನ್ನೊಂದಕ್ಕೆ ‘ತಂದೂರಿ’.

ಎಣಿಕೆ

ತಿಂಡಿಯ ಹೆಸರಿಗಿಂತ ಹೆಚ್ಚು ತಪ್ಪು ಆಗುವುದು ಎಣಿಕೆಯಲ್ಲಿ. ಕನ್ನಡದ ‘ಎರಡು’ ಬೇಗ ಆಡಿದಾಗ ‘ಎರ್ಡು’ ಆಗುತ್ತದೆ. ತೆಲುಗಿನಲ್ಲಿ ಏಳಕ್ಕೆ ‘ಏಡು’ ಎನ್ನುತ್ತಾರೆ. ಗಡಿಯ ಕಡೆಯಿಂದ ಬಂದ ಹುಡುಗನ ಕಿವಿಯಲ್ಲಿ ಇವೆರಡೂ ಅಕ್ಕಪಕ್ಕದವು. ಹಿಂದಿಯ ‘ದೋ’ ಎಂದರೆ ‘ಎರಡು’ ಎಂದೂ ಹೌದು, ‘ಕೊಡು’ ಎಂದೂ ಹೌದು. ‘ಚಾಯ್ ದೋ’ ಎಂದವನು ಒಂದು ಟೀ ಕೇಳಿದನೋ ಎರಡು ಕೇಳಿದನೋ ಎಂಬುದು ಅವನ ಮುಖ ನೋಡಿ ತಿಳಿಯಬೇಕು. ಹಿಂದಿಯ ‘ಸಾತ್’ ಮತ್ತು ‘ಆಠ್’ ಗದ್ದಲದಲ್ಲಿ ಒಂದೇ. ಇಂಗ್ಲಿಷ್ ಎಣಿಕೆ ಎಲ್ಲರಿಗೂ ಗೊತ್ತು ಎಂದು ಹಲವು ಹೋಟೆಲುಗಳು ಅದನ್ನೇ ಹಿಡಿದಿವೆ. ಅದರಲ್ಲೂ ‘ಫೈವ್’ ಮತ್ತು ‘ನೈನ್’ ಕೂಡಿಕೊಳ್ಳುತ್ತವೆ. ವಿಮಾನದ ರೇಡಿಯೋ ಮಾತಿನಲ್ಲಿ ಒಂಬತ್ತನ್ನು ‘ನೈನರ್’ ಎಂದು ಎಳೆದು ಹೇಳುವ ಅಂತರರಾಷ್ಟ್ರೀಯ ನಿಯಮ ಇರುವುದು ಇಂಥ ಗೊಂದಲವನ್ನು ತಪ್ಪಿಸಲಿಕ್ಕೇ. ಹೋಟೆಲಿನಲ್ಲಿ ಒಂದೇ ಕೂಗಿಗೆ ಒಂಬತ್ತು ಪ್ಲೇಟ್ ಬರುವುದು ಅಪರೂಪ. ಐದಕ್ಕಿಂತ ಹೆಚ್ಚು ಬಂದರೆ ಬಾಯಲ್ಲಿ ಹೇಳುವ ಜೊತೆಗೆ ಬೆರಳೆತ್ತಿ ತೋರಿಸುವುದು ಸಾಕಾಗುತ್ತದೆ. ಯಾವ ಭಾಷೆಯ ಎಣಿಕೆ ಎಂಬುದಕ್ಕಿಂತ ಇಡೀ ಹೋಟೆಲಿಗೆ ಒಂದೇ ಎಣಿಕೆ ಇರುವುದು ಮುಖ್ಯ. ಒಬ್ಬ ಕನ್ನಡದಲ್ಲಿ, ಇನ್ನೊಬ್ಬ ಹಿಂದಿಯಲ್ಲಿ ಕೂಗುವ ಅಡುಗೆಮನೆಯಲ್ಲಿ ಭಟ್ಟರು ಪ್ರತಿ ಸಲವೂ ಮೊದಲು ಭಾಷೆ ಯಾವುದೆಂದು ಗುರುತಿಸಿ ಆಮೇಲೆ ಎಣಿಸಬೇಕು.

ಎಣಿಸುವುದು ಏನನ್ನು ಎಂಬುದು ಇನ್ನೊಂದು ತೊಡಕು. ಒಂದು ಪ್ಲೇಟ್ ಇಡ್ಲಿ ಎಂದರೆ ಸಾಮಾನ್ಯವಾಗಿ ಎರಡು ಇಡ್ಲಿ. ಹಾಗಾದರೆ ‘ಎರಡು ಇಡ್ಲಿ’ ಎಂದರೆ ಎರಡು ಪ್ಲೇಟೋ ಎರಡು ಬಿಡಿಯೋ? ಹಳಬರಿಗೆ ಇಲ್ಲಿ ಸಂಶಯವೇ ಬರುವುದಿಲ್ಲ, ಹೊಸಬ ಪ್ರತಿ ಸಲವೂ ತಡವರಿಸುತ್ತಾನೆ. ಬರಿಯ ಸಂಖ್ಯೆ ಯಾವಾಗಲೂ ಪ್ಲೇಟು, ಬಿಡಿಯಾಗಿ ಬೇಕಾದರೆ ‘ಪೀಸ್’ ಎಂಬ ಪದ ಸೇರಲೇಬೇಕು ಎಂದು ಗೊತ್ತುಮಾಡಿದರೆ ತೀರಿತು. ‘ಇಡ್ಲಿ ವಡೆ’ಯಲ್ಲಿ ಎರಡು ಇಡ್ಲಿ ಒಂದು ವಡೆ, ‘ಸಿಂಗಲ್ ಇಡ್ಲಿ ವಡೆ’ಯಲ್ಲಿ ಒಂದೊಂದು. ಇಲ್ಲಿ ‘ಸಿಂಗಲ್’ ಎಂಬುದು ಎಣಿಕೆಯಲ್ಲ, ತಿಂಡಿಯ ಹೆಸರಿನ ಭಾಗ. ಅದಕ್ಕೇ ‘ಎರಡು ಸಿಂಗಲ್’ ಎಂಬ ಕೂಗು ಹೊರಗಿನವರಿಗೆ ವಿಚಿತ್ರವಾಗಿ ಕಂಡರೂ ಅಡುಗೆಮನೆಯಲ್ಲಿ ಸರಿಯಾದದ್ದು.

ಟೀ ಕಾಫಿಯ ‘ಬೈಟು’ ಕೂಡ ಇದೇ ಜಾತಿಯದು. ಒಂದು ಟೀ ಎರಡು ಲೋಟಕ್ಕೆ ಹಂಚಿದರೆ ಒನ್ ಬೈ ಟು, ಅದು ನಾಲಿಗೆಯಲ್ಲಿ ಸವೆದು ಬೈಟು. ‘ಎರಡು ಬೈಟು’ ಎಂದರೆ ಎರಡು ಟೀ ನಾಲ್ಕು ಲೋಟ ಎಂದು ಒಬ್ಬ ಟೀ ಮಾಸ್ಟರ್ ಹಿಡಿದರೆ, ಒಂದು ಟೀ ಎರಡು ಲೋಟ ಎಂದು ಇನ್ನೊಬ್ಬ ಹಿಡಿಯಬಹುದು. ಗಲ್ಲಾದಲ್ಲಿ ಲೆಕ್ಕ ಕೂಡುವಾಗ ಜಗಳ ಹತ್ತುವುದು ಇಲ್ಲೇ. ‘ಟು ಬೈ ಫೋರ್’, ‘ಟು ಬೈ ತ್ರೀ’ ಎಂದು ಪೂರ್ತಿ ಹೇಳಿದರೆ ಮೊದಲ ಸಂಖ್ಯೆ ಬಿಲ್ಲಿನದು, ಎರಡನೆಯದು ಲೋಟದ್ದು, ಗೊಂದಲವಿಲ್ಲ.

ಒಂದು ಟೇಬಲ್ಲಿನ ಕೂಗು

ಕೂಗಿನ ಕ್ರಮವನ್ನು ಒಂದು ಉದಾಹರಣೆಯಿಂದ ನೋಡಬಹುದು. ಹಿರಿಯೂರಿನ ಹೆದ್ದಾರಿ ಹೋಟೆಲೊಂದರಲ್ಲಿ ಬೆಳಗಿನ ಗಡಿಬಿಡಿಯ ಹೊತ್ತು ಎಂದುಕೊಳ್ಳಿ. ನಾಲ್ಕನೇ ಟೇಬಲ್‌ಗೆ ಐವರ ಕುಟುಂಬ ಬಂದಿದೆ. ತಂದೆಗೆ ಮಸಾಲೆ ದೋಸೆ. ತಾಯಿಗೆ ಖಾಲಿ ದೋಸೆ. ಅಜ್ಜನಿಗೆ ಇಡ್ಲಿ ವಡೆ, ಸಾಂಬಾರು ಬೇರೆ. ಅಜ್ಜಿಗೆ ಮಸಾಲೆ ದೋಸೆ, ಆದರೆ ಪಲ್ಯದಲ್ಲಿರುವ ಈರುಳ್ಳಿ ಆಗದು. ಮಗುವಿಗೆ ಸೆಟ್ ದೋಸೆ. ತಿಂಡಿಯಾದ ಮೇಲೆ ಮೂರು ಕಾಫಿ, ಅದರಲ್ಲಿ ಒಂದಕ್ಕೆ ಸಕ್ಕರೆ ಕೂಡದು.

ಹೊಸ ಸಪ್ಲೈಯರ್ ಇದನ್ನು ಕೂತವರ ಸಾಲಿನಂತೆಯೇ ಕೂಗುತ್ತಾನೆ: ಒಂದು ಮಸಾಲೆ, ಒಂದು ಖಾಲಿ, ಇಡ್ಲಿ ವಡೆ, ಇನ್ನೊಂದು ಮಸಾಲೆ ಈರುಳ್ಳಿ ಬೇಡ, ಸೆಟ್. ಗಿರಾಕಿಯ ಕಡೆಯಿಂದ ನೋಡಿದರೆ ಇದು ಸರಿ. ದೋಸೆ ಭಟ್ಟರಿಗೆ ನಡುವೆ ಬಂದ ಇಡ್ಲಿ ವಡೆ ತಡೆಯಾಗುತ್ತದೆ, ‘ಇನ್ನೊಂದು’ ಎಂದದ್ದು ಮೊದಲಿನದನ್ನು ಸೇರಿಸಿಯೋ ಬಿಟ್ಟೋ ತಿಳಿಯುವುದಿಲ್ಲ. ಅನುಭವಿ ಸಪ್ಲೈಯರ್ ಮನಸ್ಸಿನಲ್ಲೇ ಅದನ್ನು ಒಲೆಗಳ ಪ್ರಕಾರ ಮರುಜೋಡಿಸಿ ಅಡುಗೆಮನೆಯ ಬಾಗಿಲಿಗೆ ಬರುತ್ತಾನೆ. ‘ಭಟ್ರೇ, ದೋಸೆ ನಾಲ್ಕು. ಮಸಾಲೆ ಎರಡು, ಒಂದು ನೋ ಆನಿಯನ್. ಖಾಲಿ ಒಂದು. ಸೆಟ್ ಒಂದು. ಟೇಬಲ್ ನಾಲ್ಕು.’ ನಂತರ ಇಡ್ಲಿಯ ಕಡೆ ತಿರುಗಿ ‘ಇಡ್ಲಿ ವಡೆ ಒಂದು, ಸೆಪರೇಟ್, ಟೇಬಲ್ ನಾಲ್ಕು’. ಕಾಫಿಯನ್ನು ಈಗ ಕೂಗುವುದೇ ಇಲ್ಲ. ಮೊದಲೇ ಕೂಗಿದರೆ ದೋಸೆ ಮುಗಿಯುವ ಹೊತ್ತಿಗೆ ಅದು ಆರಿರುತ್ತದೆ.

ಅಮೆರಿಕದಲ್ಲಿ ಮನೋವಿಜ್ಞಾನಿಗಳಾದ ಎರಿಕ್ಸನ್ ಮತ್ತು ಪೋಲ್ಸನ್ 1980ರ ದಶಕದಲ್ಲಿ ಒಬ್ಬ ವೇಟರನನ್ನು ಅಭ್ಯಾಸ ಮಾಡಿದ್ದರು. ಅವನು ಚೀಟಿಯಿಲ್ಲದೆ ಸುಮಾರು ಇಪ್ಪತ್ತು ಜನರ ಊಟದ ಆರ್ಡರ್ ನೆನಪಿಡುತ್ತಿದ್ದ. ಆ ನೆನಪು ನಿಂತಿದ್ದು ಕೂತವರ ಸಾಲಿನ ಮೇಲೆ ಮಾತ್ರವಲ್ಲ. ಅವನು ಒಂದೇ ಬಗೆಯವನ್ನು ಒಟ್ಟಿಗೆ ಸೇರಿಸಿ, ಸಣ್ಣ ಸಣ್ಣ ಗುಂಪು ಮಾಡಿ ಇಟ್ಟುಕೊಳ್ಳುತ್ತಿದ್ದ. ನಮ್ಮ ಸಪ್ಲೈಯರ್ ಒಲೆಗೆ ಒಲೆ ವಿಂಗಡಿಸುವುದೂ ಅದೇ ಕೆಲಸ. ವ್ಯತ್ಯಾಸವೆಂದರೆ, ಇವನ ವಿಂಗಡಣೆಯಿಂದ ಕೇಳುವವನ ನೆನಪಿಗೂ ಸಹಾಯವಾಗುತ್ತದೆ.

ಉದಾಹರಣೆಯ ಕೂಗಿನಲ್ಲಿ ಗಮನಿಸಬೇಕಾದದ್ದು ಪದಗಳ ಸಾಲು. ಮೊದಲು ಒಟ್ಟು, ಆಮೇಲೆ ತಿಂಡಿ ಮತ್ತು ಎಣಿಕೆ, ಆಮೇಲೆ ಬದಲಾವಣೆ, ಕೊನೆಗೆ ಟೇಬಲ್. ಈ ಸಾಲು ಯಾವತ್ತೂ ಬದಲಾಗಬಾರದು. ಬೇರೆ ಭಾಷೆಯವನು ಪದವನ್ನು ಅರ್ಧ ಕೇಳಿದರೂ ಅದು ಯಾವ ಜಾಗದಲ್ಲಿ ಬಂತು ಎಂಬುದರಿಂದ ಅದೇನಿರಬಹುದೆಂದು ಊಹಿಸಬಲ್ಲ. ಕೊನೆಯ ಸಂಖ್ಯೆ ಟೇಬಲ್ಲಿನದೇ ಎಂದು ಗೊತ್ತಿದ್ದರೆ ‘ನಾಲ್ಕು’ ಎಂಬುದನ್ನು ನಾಲ್ಕು ದೋಸೆ ಎಂದು ತಿಳಿಯುವ ಅಪಾಯವಿಲ್ಲ. ಪಾರ್ಸಲ್ ಆದರೆ ಟೇಬಲ್ಲಿನ ಜಾಗದಲ್ಲೇ ‘ಪಾರ್ಸಲ್’ ಎಂಬ ಪದ ಬರುತ್ತದೆ.

ಈ ಕೂಗಿಗೆ ಉತ್ತರ ಬರಬೇಕು. ‘ಹ್ಞೂಂ’ ಎಂದರೆ ಸಾಲದು, ಅದು ಕೇಳಿಸಿತು ಎಂದಷ್ಟೇ ಹೇಳುತ್ತದೆ, ಏನು ಕೇಳಿಸಿತು ಎಂದು ಹೇಳುವುದಿಲ್ಲ. ಭಟ್ಟರು ತಮಗೆ ಕೇಳಿಸಿದ್ದನ್ನೇ ತಿರುಗಿ ಹೇಳಬೇಕು: ‘ಮಸಾಲೆ ಎರಡು ಒಂದು ನೋ ಆನಿಯನ್, ಖಾಲಿ ಒಂದು, ಸೆಟ್ ಒಂದು’. ಫ್ರಾನ್ಸಿನ ಹಳೆಯ ಕ್ರಮದ ದೊಡ್ಡ ಅಡುಗೆಮನೆಗಳಲ್ಲಿ ಆರ್ಡರನ್ನು ಗಟ್ಟಿಯಾಗಿ ಕೂಗಲೆಂದೇ ‘ಅಬ್ವಾಯೋರ್’ ಎಂಬ ಒಬ್ಬನಿದ್ದ, ಒಲೆಯ ಮುಂದಿನವರು ಅವನಿಗೆ ಉತ್ತರ ಕೊಡಲೇಬೇಕಿತ್ತು. ನಮ್ಮಲ್ಲಿ ಅಂಥ ಬೇರೆ ಆಳಿಲ್ಲ. ಸಪ್ಲೈಯರೇ ಕೂಗಬೇಕು, ಸಪ್ಲೈಯರೇ ಉತ್ತರ ಕೇಳಿಕೊಂಡು ಹೊರಡಬೇಕು. ಆ ಎರಡು ಕ್ಷಣ ನಿಲ್ಲದೆ ಓಡುವವನಿಂದಲೇ ತಪ್ಪು ತಟ್ಟೆ ಹೊರಗೆ ಹೋಗುವುದು ಹೆಚ್ಚು.

ಈಗ ಅದೇ ಉದಾಹರಣೆಗೆ ಇನ್ನೊಬ್ಬ ಸಪ್ಲೈಯರ್ ಸೇರಿಕೊಳ್ಳಲಿ. ಏಳನೇ ಟೇಬಲ್‌ಗೆ ಅವನು ‘ಮಸಾಲೆ ಮೂರು’ ಎಂದು ಕೂಗಿದ. ಭಟ್ಟರ ತಲೆಯಲ್ಲಿ ಆಗಲೇ ಎರಡು ಮಸಾಲೆ ಇವೆ. ಮೂರು ಎಂದರೆ ಇನ್ನು ಮೂರೋ, ಅಥವಾ ಮೊದಲಿನ ಎರಡನ್ನೂ ಸೇರಿಸಿ ಮೂರೋ? ಹಲವು ಕೂಗು ಒಂದರ ಮೇಲೊಂದು ಬೀಳುವಾಗ ಈ ಪ್ರಶ್ನೆ ನಿಮಿಷಕ್ಕೊಮ್ಮೆ ಏಳುತ್ತದೆ. ಹಳೆಯ ಅಡುಗೆಮನೆಗಳಲ್ಲಿ ಇದಕ್ಕೆ ಚಂದದ ಪರಿಹಾರವಿದೆ: ಕೂಗುವವನು ಯಾವಾಗಲೂ ಹೊಸದನ್ನು ಮಾತ್ರ ಹೇಳುತ್ತಾನೆ, ಒಲೆಯವನು ಯಾವಾಗಲೂ ಒಟ್ಟನ್ನು ಹೇಳುತ್ತಾನೆ. ‘ಮಸಾಲೆ ಮೂರು, ಟೇಬಲ್ ಏಳು’ ಎಂದರೆ ‘ಮೂರು, ಒಟ್ಟು ಮಸಾಲೆ ಐದು’ ಎಂದು ಉತ್ತರ. ಲೆಕ್ಕ ತಪ್ಪಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಈ ಒಂದು ನಿಯಮ ಕಲಿಸಲು ಕನ್ನಡ ಬೇಕಿಲ್ಲ, ಎರಡು ಪದ ಮತ್ತು ಹತ್ತರವರೆಗಿನ ಎಣಿಕೆ ಸಾಕು. ಹೊಸಬರಿಗೆ ಮೊದಲ ದಿನ ಒಂದನ್ನೇ ಕಲಿಸುವುದಾದರೆ ಇದನ್ನೇ ಕಲಿಸಬೇಕು.

ಆರ್ಡರ್ ರದ್ದಾದಾಗಲೂ ಅದೇ ಸಾಲು, ಮುಂದೆ ‘ಕ್ಯಾನ್ಸಲ್’ ಸೇರಿಸಿ: ‘ಕ್ಯಾನ್ಸಲ್, ಸೆಟ್ ಒಂದು, ಟೇಬಲ್ ನಾಲ್ಕು’. ಭಟ್ಟರು ಉಳಿದ ಒಟ್ಟನ್ನು ಹೇಳಬೇಕು. ಕ್ಯಾನ್ಸಲ್ ಎಂಬ ಪದ ಕೊನೆಗೆ ಬಂದರೆ ಹಿಟ್ಟು ಅಷ್ಟರಲ್ಲಿ ಕಾವಲಿಯ ಮೇಲಿರುತ್ತದೆ.

‘ಆಯ್ತು’ ಮತ್ತು ‘ಖಾಲಿ’

ಅಡುಗೆಮನೆಯಿಂದ ಹೊರಗೆ ಬರುವ ಮಾತಿನಲ್ಲಿ ಅತಿ ಹೆಚ್ಚು ದುಡಿಯುವ ಪದ ‘ಆಯ್ತು’. ಆರ್ಡರ್ ಒಪ್ಪಿಕೊಂಡಾಗಲೂ ‘ಆಯ್ತು’. ದೋಸೆ ಬೆಂದು ತಟ್ಟೆಗೆ ಬಂದಾಗಲೂ ‘ಆಯ್ತು’. ಹಿಟ್ಟು ತೀರಿದಾಗ ‘ಹಿಟ್ಟು ಆಗೋಯ್ತು’. ಕನ್ನಡದವರು ಇವುಗಳನ್ನು ಧ್ವನಿಯ ಏರಿಳಿತದಿಂದ ಬೇರೆ ಮಾಡಿಕೊಳ್ಳುತ್ತಾರೆ. ತೆಲುಗಿನ ‘ಅಯಿಂದಿ’, ‘ಅಯಿಪೋಯಿಂದಿ’ಗಳೂ ಹಿಂದಿಯ ‘ಹೋ ಗಯಾ’ ಕೂಡ ಹೆಚ್ಚುಕಡಿಮೆ ಇದೇ ದಾರಿಯವು. ಹಾಗಾಗಿ ಪ್ರತಿಯೊಬ್ಬನೂ ತನಗೆ ಅರ್ಥವಾಯಿತು ಎಂದೇ ನಂಬಿರುತ್ತಾನೆ, ಆದರೆ ಒಬ್ಬ ‘ರೆಡಿ’ ಎಂದುಕೊಂಡದ್ದನ್ನು ಇನ್ನೊಬ್ಬ ‘ತೀರಿತು’ ಎಂದುಕೊಂಡಿರುತ್ತಾನೆ. ಅರ್ಥವೇ ಆಗದಿದ್ದರೆ ಕೇಳಿ ತಿಳಿಯಬಹುದಿತ್ತು. ಅರ್ಧ ಹೊಂದುವ ಪದವೇ ಹೆಚ್ಚು ಮೋಸ ಮಾಡುತ್ತದೆ.

‘ಖಾಲಿ’ಯ ಕಥೆ ಇನ್ನೂ ಬಿಗಿ. ‘ಖಾಲಿ ದೋಸೆ’ ಒಂದು ತಿಂಡಿ: ಒಳಗೆ ಪಲ್ಯವಿಡದ ಮೆತ್ತನೆಯ ದೋಸೆ. ‘ದೋಸೆ ಖಾಲಿ’ ಎಂದರೆ ದೋಸೆ ತೀರಿದೆ. ಪದಗಳು ಅವೇ, ಸಾಲು ಮಾತ್ರ ಹಿಂದುಮುಂದು. ಭಟ್ಟರು ಒಳಗಿನಿಂದ ‘ಖಾಲಿ’ ಎಂದು ಕೂಗಿದರೆ ಖಾಲಿ ದೋಸೆ ಬಂದು ತೆಗೆದುಕೊಂಡು ಹೋಗು ಎಂದೋ, ಹಿಟ್ಟು ಮುಗಿಯಿತು ಎಂದೋ? ಹಿಂದಿಯವರಿಗೆ ‘ಖಾಲಿ’ ಎಂದರೆ ಬರಿದು. ಈ ಸೀಮೆಯಲ್ಲಿ ಖಾಲಿ ದೋಸೆಯ ಹೆಸರನ್ನು ಬದಲಿಸಲು ಯಾವ ಗಿರಾಕಿಯೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಅದಕ್ಕೇ ಬದಲಾಗಬೇಕಾದದ್ದು ಇನ್ನೊಂದು ಬಳಕೆ. ತೀರಿದ್ದಕ್ಕೆ ‘ಖಾಲಿ’ ಎಂಬುದನ್ನು ಅಡುಗೆಮನೆಯಲ್ಲಿ ಪೂರ್ತಿ ನಿಲ್ಲಿಸಿ, ‘ಕ್ಲೋಸ್’ ಎಂದೋ ‘ಮುಗೀತು’ ಎಂದೋ ಒಂದೇ ಪದ ಇಟ್ಟುಕೊಳ್ಳಬೇಕು. ಒಪ್ಪಿಕೊಂಡದ್ದಕ್ಕೆ ಆರ್ಡರನ್ನೇ ತಿರುಗಿ ಹೇಳುವುದು, ಸಿದ್ಧವಾದದ್ದಕ್ಕೆ ‘ರೆಡಿ’ ಮತ್ತು ಟೇಬಲ್ ಸಂಖ್ಯೆ, ತೀರಿದ್ದಕ್ಕೆ ‘ಕ್ಲೋಸ್’. ಈ ಮೂರು ಬಂದರೆ ‘ಆಯ್ತು’ ಮನೆಗೆ, ಮಾತುಕತೆಗೆ ಉಳಿದುಕೊಳ್ಳುತ್ತದೆ. ಅಮೆರಿಕದ ಹೋಟೆಲುಗಳಲ್ಲಿ ತೀರಿದ ಪದಾರ್ಥಕ್ಕೆ ‘ಎಯ್ಟಿಸಿಕ್ಸ್’, ಅಂದರೆ 86 ಎಂಬ ಸಂಖ್ಯೆಯನ್ನೇ ಕೂಗುತ್ತಾರೆ. ಬೇರೆ ಯಾವ ಅರ್ಥಕ್ಕೂ ತಾಗದ ಪದ ಆರಿಸಿಕೊಳ್ಳುವುದರಲ್ಲಿ ಇರುವ ಅನುಕೂಲ ಅದು.

ಬೇಡ ಎನ್ನುವುದು

ಕನ್ನಡದಲ್ಲಿ ಬೇಕು–ಬೇಡ ವಾಕ್ಯದ ತುದಿಯಲ್ಲಿ ಬರುತ್ತದೆ. ‘ಈರುಳ್ಳಿ ಬೇಡ’ ಎಂಬುದರಲ್ಲಿ ಮೊದಲು ಕೇಳಿಸುವುದು ಈರುಳ್ಳಿ. ಪಾತ್ರೆ ಬಿದ್ದ ಸದ್ದಿನಲ್ಲಿ ಕೊನೆಯ ಪದ ಕೇಳಿಸದೆ ಹೋದರೆ ಭಟ್ಟರು ಈರುಳ್ಳಿಯನ್ನು ಇನ್ನಷ್ಟು ಉದುರಿಸುತ್ತಾರೆ. ತೆಲುಗಿನ ‘ವದ್ದು’, ತುಳುವಿನ ‘ಬೊಡ್ಚಿ’ ಕೂಡ ತುದಿಯವೇ. ಬೇಡದ ವಸ್ತುವಿನ ಹೆಸರು ಮೊದಲು ಬಂದು, ಬೇಡ ಎಂಬುದು ಹಿಂದೆ ಉಳಿಯುವ ತೊಂದರೆ ಎಲ್ಲರದೂ. ‘ನೋ ಆನಿಯನ್’ ಎಂಬ ಕೂಗು ಇಲ್ಲಿನ ಹೋಟೆಲುಗಳಲ್ಲಿ ಬೇರೂರಿದ್ದಕ್ಕೆ ಇಂಗ್ಲಿಷಿನ ಮೋಹ ಕಾರಣವಲ್ಲ. ಅದರಲ್ಲಿ ‘ಬೇಡ’ ಎಂಬುದು ಮೊದಲು ಬರುತ್ತದೆ, ಮುಂದಿನ ಪದ ಅರ್ಧ ಕೇಳಿದರೂ ಭಟ್ಟರು ಕೈ ನಿಲ್ಲಿಸಿ, ‘ಏನು ಬೇಡ?’ ಎಂದು ತಿರುಗಿ ಕೇಳುತ್ತಾರೆ.

ಸಕ್ಕರೆಯ ವಿಷಯದಲ್ಲಿ ಇಂಗ್ಲಿಷೇ ತೊಡಕಾಗಿದೆ. ‘ಲೆಸ್ ಶುಗರ್’ ಎಂದರೆ ಸಕ್ಕರೆ ಕಡಿಮೆ. ‘ಶುಗರ್‌ಲೆಸ್’ ಎಂದರೆ ಸಕ್ಕರೆಯೇ ಇಲ್ಲ. ಅವೇ ಎರಡು ಪದ, ಸಾಲು ಬದಲಾದರೆ ಅರ್ಥ ಬದಲು. ನಾಲ್ಕನೇ ಟೇಬಲ್ಲಿನ ಅಜ್ಜನಿಗೆ ಸಕ್ಕರೆ ಕಾಯಿಲೆ ಇದ್ದರೆ ಈ ತಪ್ಪು ರುಚಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ‘ವಿದೌಟ್’ ಎಂದು ಕೂಗುವ ಇನ್ನೊಂದು ಪದ್ಧತಿಯಿದೆ, ಅದರ ಕೊನೆ ಕೇಳದಿದ್ದರೆ ‘ವಿತ್’ ಉಳಿಯುತ್ತದೆ. ‘ನೋ ಶುಗರ್’ ಮತ್ತು ‘ಹಾಫ್ ಶುಗರ್’ ಎಂಬ ಜೋಡಿ ಇವೆಲ್ಲಕ್ಕಿಂತ ಒಳ್ಳೆಯದು: ಮೊದಲ ಪದಗಳು ಒಂದನ್ನೊಂದು ಹೋಲುವುದಿಲ್ಲ, ಎರಡೂ ಮುಂದೆಯೇ ಬರುತ್ತವೆ. ಟೀ ಮಾಸ್ಟರ್ ಸಕ್ಕರೆ ಹಾಕದ್ದನ್ನು ಬೇರೆ ಬಗೆಯ ಲೋಟದಲ್ಲೋ ಬೇರೆ ತಟ್ಟೆಯಲ್ಲೋ ಕೊಟ್ಟರೆ, ಅಡುಗೆಮನೆಯಿಂದ ಟೇಬಲ್‌ಗೆ ಹೋಗುವ ದಾರಿಯಲ್ಲಿ ಲೋಟಗಳು ಅದಲುಬದಲಾಗುವುದೂ ತಪ್ಪುತ್ತದೆ. ಕೂಗು ಸರಿಯಿದ್ದೂ ಆಗುವ ತಪ್ಪು ಅದು.

ಚೀಟಿ

ಕೂಗಿನ ಪಕ್ಕದಲ್ಲೇ ಚೀಟಿಯೂ ಬೆಳೆದಿದೆ. ಹಲವು ಕಡೆ ಕಂಪ್ಯೂಟರಿನಿಂದ ಮುದ್ರಣವಾಗಿ ಬರುವ ಚೀಟಿಗೆ ಕೆಒಟಿ ಎನ್ನುತ್ತಾರೆ. ಬಾಯಿಮಾತಿನಲ್ಲಿ ಬಿಟ್ಟುಹೋಗುವುದು ಕಾಗದದ ಮೇಲೆ ನಿಲ್ಲುತ್ತದೆ ಎಂಬುದು ನಿಜ. ಆದರೆ ಓದಲು ಬಾರದವನಿಗೆ ಅದು ಬರೀ ಕಾಗದ. ಕೈಬರಹದ ಚೀಟಿ ಕನ್ನಡದಲ್ಲಿರುತ್ತದೆ, ಒಲೆಯ ಮುಂದಿನವನು ಓದುವುದು ದೇವನಾಗರಿಯೋ ಬಂಗಾಳಿಯೋ ಆಗಿರಬಹುದು. ಮುದ್ರಿತ ಚೀಟಿಯ ಇಂಗ್ಲಿಷ್ ಮೊಟಕು ಅಕ್ಷರಗಳು ಹೊಸಬನಿಗೂ ಅರ್ಥವಾಗುವುದಿಲ್ಲ, ಹಳೆಯ ಭಟ್ಟರಿಗೂ ಅರ್ಥವಾಗುವುದಿಲ್ಲ. ಹೀಗಿದ್ದಲ್ಲಿ ಚೀಟಿಯ ಮೇಲೆ ಅಕ್ಷರದ ಬದಲು ತಿಂಡಿಯ ಸಂಖ್ಯೆ ಅಥವಾ ಸಣ್ಣ ಗುರುತು ಇಟ್ಟು, ಅದೇ ಗುರುತನ್ನು ಒಲೆಯ ಮೇಲಿನ ಗೋಡೆಯಲ್ಲಿ ತಿಂಡಿಯ ಚಿತ್ರದ ಪಕ್ಕ ಅಂಟಿಸುವುದು ಕೆಲಸಕ್ಕೆ ಬರುತ್ತದೆ.

ಎಣಿಕೆಯನ್ನು ಮಾತ್ರ 1, 2, 3 ಎಂಬ ಅಂಕಿಗಳಲ್ಲೇ ಬರೆಯಬೇಕು. ಬಂಗಾಳಿ ಲಿಪಿಯ ನಾಲ್ಕು ನಮ್ಮ ಕಣ್ಣಿಗೆ 8ರಂತೆ, ಏಳು 9ರಂತೆ ಕಾಣುತ್ತದೆ. ಅಲ್ಲಿಂದ ಬಂದವನು ತನ್ನ ಅಭ್ಯಾಸದಲ್ಲಿ ಬರೆದಿಟ್ಟ ನಾಲ್ಕು ಗಲ್ಲಾದಲ್ಲಿ ಎಂಟಾಗಿ ಬಿಲ್ಲಾಗಬಹುದು. ಅವಸರದ ಬರಹದಲ್ಲಿ 1 ಮತ್ತು 7 ಕೂಡ ಒಂದಾಗುತ್ತವೆ, 7ರ ನಡುವೆ ಒಂದು ಅಡ್ಡಗೆರೆ ಎಳೆದರೆ ಆ ತೊಂದರೆ ಇಲ್ಲ. ಚೀಟಿ ಬಂದರೂ ಕೂಗು ನಿಲ್ಲಬಾರದು ಎಂಬುದು ಈ ಲೇಖಕನ ಅಭಿಪ್ರಾಯ. ಕಾವಲಿಯ ಮೇಲೆ ಎರಡೂ ಕೈ ಇರುವವರು ಕಣ್ಣೆತ್ತಿ ಓದಲಾರರು, ಕಿವಿ ಮಾತ್ರ ಬಿಡುವಾಗಿರುತ್ತದೆ.

ಕೂಗಿಗೆ ಒಪ್ಪಿಸಬಾರದ್ದು

ಮೊಟಕು ಮಾತಿಗೆ ಒಂದು ಗಡಿ ಇದೆ. ತಪ್ಪಾದರೆ ತಟ್ಟೆ ಹಿಂದಕ್ಕೆ ಬರುವಂಥದ್ದನ್ನು ಕೂಗಬಹುದು. ತಪ್ಪಾದರೆ ಗಿರಾಕಿಯ ಜೀವಕ್ಕೆ ತೊಂದರೆಯಾಗುವಂಥದ್ದನ್ನು ಕೂಗಬಾರದು. ಶೇಂಗಾ ಅಲರ್ಜಿ ಇದಕ್ಕೆ ಸ್ಪಷ್ಟವಾದ ಉದಾಹರಣೆ. ಚಿತ್ರದುರ್ಗ ಜಿಲ್ಲೆ ಶೇಂಗಾ ಬೆಳೆಯುವ ನಾಡು. ಇಲ್ಲಿ ಅದು ಚಟ್ನಿಯಲ್ಲಿರುತ್ತದೆ, ಚಿತ್ರಾನ್ನದಲ್ಲಿರುತ್ತದೆ, ಪುಡಿಯಾಗಿ ಪಲ್ಯದಲ್ಲೂ ಸೇರಿರಬಹುದು.

ಅದರ ಹೆಸರುಗಳನ್ನು ನೋಡಿ. ಕನ್ನಡದಲ್ಲೇ ಒಬ್ಬರು ಶೇಂಗಾ ಎಂದರೆ ಇನ್ನೊಬ್ಬರು ಕಡಲೆಬೀಜ ಎನ್ನುತ್ತಾರೆ, ಮತ್ತೊಬ್ಬರು ಕಡಲೆಕಾಯಿ. ಬರೀ ‘ಕಡಲೆ’ ಎಂದರೆ ಬೇರೆ ಕಾಳು, ಹುರಿಗಡಲೆ ಬೇರೆ ಪದಾರ್ಥ, ಅದೂ ಚಟ್ನಿಯಲ್ಲೇ ಬೀಳುತ್ತದೆ. ತೆಲುಗಿನಲ್ಲಿ ‘ಶನಗ’ ಎಂದರೆ ಕಡಲೆ, ‘ವೇರುಶನಗ’ ಎಂದರೆ ಶೇಂಗಾ, ‘ಪಲ್ಲೀಲು’ ಎಂದರೂ ಶೇಂಗಾವೇ. ಹಿಂದಿಯವನಿಗೆ ಅದು ಮೂಂಗ್‌ಫಲಿ, ಹೆಸರಿನ ಮೊದಲರ್ಧ ಹೆಸರುಕಾಳಿನಂತೆ ಕೇಳುತ್ತದೆ. ಬಂಗಾಳಿಯವನು ‘ಬಾದಾಮ್’ ಎಂದರೆ ಅವನ ಮನಸ್ಸಿನಲ್ಲಿರುವುದು ಹೆಚ್ಚಾಗಿ ಶೇಂಗಾ, ನಾವು ತಿಳಿಯುವುದು ಬಾದಾಮಿ. ‘ನೋ ಕಡಲೆ’ ಎಂಬ ಕೂಗು ಈ ಗುಂಪಿನಲ್ಲಿ ಯಾರ ಕಿವಿಗೆ ಏನಾಗಿ ತಲುಪುತ್ತದೆ ಎಂದು ಹೇಳಲು ಸಾಧ್ಯವೇ ಇಲ್ಲ.

ಆದ್ದರಿಂದ ಅಲರ್ಜಿಯ ಆರ್ಡರ್ ಬಂದಾಗ ಸಪ್ಲೈಯರ್ ಬಾಗಿಲಲ್ಲಿ ನಿಂತು ಕೂಗದೆ ಒಳಗೆ ಹೋಗಬೇಕು. ಶೇಂಗಾವನ್ನೇ ಕೈಯಲ್ಲಿ ಹಿಡಿದು ತೋರಿಸಿ, ಯಾವ ಟೇಬಲ್, ಯಾವ ತಟ್ಟೆ ಎಂದು ಹೇಳಬೇಕು. ಭಟ್ಟರು ಯಾವುದರಲ್ಲೆಲ್ಲ ಅದು ಬಿದ್ದಿದೆ ಎಂದು ಹೇಳಿದ ಮೇಲೆ, ಕೊಡಬಹುದಾದದ್ದನ್ನು ಗಿರಾಕಿಗೆ ತಿಳಿಸಬೇಕು. ಶೇಂಗಾ ಚಟ್ನಿಗೆ ಹಾಕಿದ ಸೌಟನ್ನೇ ಕಾಯಿ ಚಟ್ನಿಗೂ ಹಾಕಿದ್ದರೆ ಕಾಯಿ ಚಟ್ನಿಯೂ ಆ ತಟ್ಟೆಗೆ ಹೋಗಬಾರದು. ಶೇಂಗಾ ಎಣ್ಣೆಯಲ್ಲಿ ಅಡುಗೆ ಮಾಡುವ ಹೋಟೆಲಾಗಿದ್ದರೆ ಅದನ್ನು ಗಿರಾಕಿಗೆ ಮೊದಲೇ ಹೇಳಬೇಕು. ಆ ತಟ್ಟೆಯನ್ನು ಆರ್ಡರ್ ತೆಗೆದುಕೊಂಡ ಸಪ್ಲೈಯರೇ ಟೇಬಲ್‌ಗೆ ಒಯ್ಯಬೇಕು, ಬೇರೆಯವರ ಕೈಗೆ ಕೊಡಬಾರದು. ಗಡಿಬಿಡಿಯ ಹೊತ್ತಿನಲ್ಲಿ ಒಬ್ಬ ಸಪ್ಲೈಯರ್ ಎರಡು ನಿಮಿಷ ಒಳಗೆ ಉಳಿದರೆ ಉಳಿದ ಟೇಬಲ್ಲಿನವರು ಕಾಯುತ್ತಾರೆ. ಆಗ ಅವನ ಟೇಬಲ್‌ಗಳನ್ನು ನೋಡಿಕೊಳ್ಳಬೇಕಾದವರು ಯಾರು ಎಂಬುದನ್ನು ಗಲ್ಲಾದಲ್ಲಿ ಕೂತವರು ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ಹೇಳಿಟ್ಟಿರಬೇಕು.